ಒಂದೇ ಟ್ಯಾಪ್‌ನಲ್ಲಿ ಬಂದ ಮುಖ ತಮ್ಮನ ಹಾಗೆ ಯಾಕೆ ಕಾಣಲ್ಲ?

ಪ್ರಶ್ನೆ: ಸರ್, ಅಕ್ಕನ ಮದುವೆಗೆ ನನ್ನ ತಮ್ಮನಿಗೆ ಡಬ್ಲಿನ್‌ನಿಂದ ಬರಲು ರಜೆ ಸಿಗಲಿಲ್ಲ. ಆಲ್ಬಂನಲ್ಲಿ ಅವನೂ ಇರಲಿ ಅಂತ ಫೋನಿನ ಫೇಸ್ ಸ್ವಾಪ್ ಆ್ಯಪ್ ಹಾಕಿಕೊಂಡು, ಚಿಕ್ಕಪ್ಪನ ಮಗನ ಫೋಟೋಗೆ ತಮ್ಮನ ಮುಖ ಕೂರಿಸಿದೆ. ಇದು ನನ್ನ ಮೊದಲ ಪ್ರಯತ್ನ. ಗ್ರೂಪ್ ಫೋಟೋ ಪರವಾಗಿಲ್ಲ ಅನ್ನಿಸಿತು. ಆದರೆ ಹತ್ತಿರದಿಂದ ತೆಗೆದ ಫೋಟೋದಲ್ಲಿ ಮುಖ ಮೇಣದ ಗೊಂಬೆ ಹಾಗಿದೆ, ಕನ್ನಡಕದ ಒಂದು ಕಡ್ಡಿ ಮಾಯವಾಗಿದೆ. ಅಮ್ಮ ನೋಡಿ "ಇದ್ಯಾರೇ?" ಅಂದರು. ದುಡ್ಡು ಕೊಟ್ಟು ಪ್ರೋ ತಗೊಂಡರೆ ಸರಿ ಹೋಗುತ್ತಾ? ಅಥವಾ ನನ್ನ ಫೋನೇ ಸಾಲದಾ?

ಉತ್ತರ: ಫೋನಿನದ್ದು ತಪ್ಪೇನಿಲ್ಲ. ಪ್ರೋಗೆ ದುಡ್ಡು ಹಾಕುವ ಮೊದಲು ಸ್ವಲ್ಪ ತಡೆಯಿರಿ. ನಿಮ್ಮ ಅಮ್ಮ ಕೇಳಿದ ಪ್ರಶ್ನೆಗೆ ಪ್ರೋದಲ್ಲಿ ಉತ್ತರ ಇಲ್ಲ.

ನಾನು ಮದುವೆ ಆಲ್ಬಂ ಡಿಸೈನ್ ಮಾಡುವವನು. ಕರಿಜ್ಮಾ ಆಲ್ಬಂ ಕೆಲಸದಲ್ಲಿ "ಇವರನ್ನೂ ಸೇರಿಸಿ" ಅನ್ನುವ ಬೇಡಿಕೆ ಹೊಸದಲ್ಲ. ಮೊದಲು ಫೋಟೋಶಾಪ್‌ನಲ್ಲಿ ಕತ್ತರಿಸಿ ಅಂಟಿಸುತ್ತಿದ್ದೆವು. ಈಗ ಮನೆಯವರೇ ಆ್ಯಪ್‌ನಲ್ಲಿ ಮಾಡಿಕೊಂಡು ಬಂದು, "ಇದನ್ನೇ ಹಾಕಿ" ಅಂತ ಪೆನ್‌ಡ್ರೈವ್ ಕೊಡುತ್ತಾರೆ. ಹಾಗೆ ಬಂದ ಫೋಟೋಗಳಲ್ಲಿ ನಾನು ನೋಡುವ ತೊಂದರೆಗಳು ನೀವು ಹೇಳಿದ ಮೂರೇ: ಮುಖ ನುಣುಪು, ಕನ್ನಡಕ ಮುರಿದಿದೆ, ಯಾರು ಅಂತ ಗೊತ್ತಾಗಲ್ಲ. ಮೂರಕ್ಕೂ ಕಾರಣ ಬೇರೆ ಬೇರೆ. ಆ್ಯಪ್ ಒಳಗೆ ಏನು ನಡೆಯುತ್ತದೆ ಅಂತ ತಿಳಿದರೆ ಯಾವುದನ್ನು ಸರಿ ಮಾಡಬಹುದು, ಯಾವುದನ್ನು ಬಿಟ್ಟುಬಿಡಬೇಕು ಅನ್ನುವುದು ನಿಮಗೇ ಕಾಣುತ್ತದೆ.

ನೀವು ಅಂದುಕೊಂಡಿರುವುದು ಹೀಗಿರಬೇಕು: ಆ್ಯಪ್ ನಿಮ್ಮ ತಮ್ಮನ ಫೋಟೋದಿಂದ ಮುಖ ಕತ್ತರಿಸಿ, ಚಿಕ್ಕಪ್ಪನ ಮಗನ ಮುಖದ ಮೇಲೆ ಅಂಟಿಸಿದೆ. ಹಳೆಯ ಸ್ವಾಪ್‌ಗಳು ಹೆಚ್ಚುಕಡಿಮೆ ಹಾಗೇ ಮಾಡುತ್ತಿದ್ದವು. ಈಗಿನ ಫೋಟೋ ಆ್ಯಪ್‌ಗಳ ದಾರಿ ಸಾಮಾನ್ಯವಾಗಿ ಬೇರೆ. ತಮ್ಮನ ಫೋಟೋದ ಒಂದು ಚೂರು ಚರ್ಮವೂ ಆ ಹೊಸ ಫೋಟೋಗೆ ಹೋಗಿರುವುದಿಲ್ಲ.

ಮೊದಲು ಆ್ಯಪ್ ಎರಡೂ ಫೋಟೋದಲ್ಲಿ ಮುಖ ಎಲ್ಲಿದೆ ಅಂತ ಹುಡುಕುತ್ತದೆ. ಮುಖ ಸಿಕ್ಕ ಮೇಲೆ ಕೆಲವು ಗುರುತು ಹಾಕುತ್ತದೆ. ಕಡಿಮೆ ಅಂದರೆ ಐದು: ಎರಡು ಕಣ್ಣು, ಮೂಗಿನ ತುದಿ, ಬಾಯಿಯ ಎರಡು ಅಂಚು. ಈ ಐದು ಚುಕ್ಕಿ ಒಂದು ಗೊತ್ತಾದ ಜಾಗಕ್ಕೆ ಬರುವ ಹಾಗೆ ಮುಖವನ್ನು ತಿರುಗಿಸಿ, ಹಿಗ್ಗಿಸಿ ಅಥವಾ ಕುಗ್ಗಿಸಿ ಒಂದು ಚಿಕ್ಕ ಚೌಕ ಮಾಡಿಕೊಳ್ಳುತ್ತದೆ. ಪಾಸ್‌ಪೋರ್ಟ್ ಫೋಟೋ ತೆಗೆಯುವವರು ಗಲ್ಲ ಹಿಡಿದು ನೇರ ಮಾಡುತ್ತಾರಲ್ಲ, ಹಾಗೆ.

ಆಮೇಲೆ ತಮ್ಮನ ಚೌಕವನ್ನು ನೋಡಿ ಒಂದು ಅಂಕಿಗಳ ಪಟ್ಟಿ ಮಾಡುತ್ತದೆ. ಜಾಸ್ತಿ ಬಳಕೆಯಲ್ಲಿರುವ ವಿಧಾನದಲ್ಲಿ ಆ ಪಟ್ಟಿಯಲ್ಲಿ 512 ಅಂಕಿಗಳು ಇರುತ್ತವೆ. ಮುಖ ಗುರುತಿಸುವ ವ್ಯವಸ್ಥೆಗಳು ಬಳಸುವುದೂ ಇಂಥದ್ದೇ ಪಟ್ಟಿ. ನಿಮ್ಮ ತಮ್ಮ ಅಂದರೆ ಆ್ಯಪ್‌ಗೆ ಆ ಅಂಕಿಗಳು ಅಷ್ಟೇ. ಫೋಟೋ ಅಲ್ಲಿಗೆ ಪಕ್ಕಕ್ಕೆ ಹೋಯಿತು.

ಕೊನೆಗೆ ಚಿಕ್ಕಪ್ಪನ ಮಗನ ಚೌಕವನ್ನು ಇಟ್ಟುಕೊಂಡು, ಆ ಅಂಕಿಗಳಿಗೆ ಹೊಂದುವಂಥ ಹೊಸ ಮುಖವೊಂದನ್ನು ಬರೆಯುತ್ತದೆ. ತಲೆ ಎಷ್ಟು ಓರೆ, ನಗುತ್ತಿದ್ದಾನಾ, ಬೆಳಕು ಯಾವ ಕಡೆಯಿಂದ ಬಿದ್ದಿದೆ ಎಂಬುದೆಲ್ಲ ಚಿಕ್ಕಪ್ಪನ ಮಗನಿಂದ ಬರುತ್ತದೆ. ಕಣ್ಣು ಮೂಗು ಬಾಯಿಯ ರೂಪ ಆ ಅಂಕಿಗಳಿಂದ ಬರುತ್ತದೆ. ಬರೆದ ಚೌಕವನ್ನು ಮತ್ತೆ ಓರೆ ಮಾಡಿ ಮೂಲ ಫೋಟೋದಲ್ಲಿ ಕೂರಿಸಿ, ಅಂಚನ್ನು ಮೆತ್ತಗೆ ಬೆರೆಸುತ್ತದೆ. ನೀವು ಟ್ಯಾಪ್ ಮಾಡಿ ಕಾಯುವ ಆ ಕೆಲವು ಸೆಕೆಂಡಿನಲ್ಲಿ ಆಗುವುದು ಇದು.

ಈಗ ಅಮ್ಮನ ಪ್ರಶ್ನೆಗೆ ಬರೋಣ. ಆ ಅಂಕಿಗಳ ಪಟ್ಟಿಯನ್ನು ಕಲಿಸಿರುವುದೇ ಕೆಲವು ವಿಷಯಗಳನ್ನು ಮರೆಯುವ ಹಾಗೆ. ಒಬ್ಬನೇ ಮನುಷ್ಯ ಬಿಸಿಲಲ್ಲಿ ಇರಲಿ, ಟ್ಯೂಬ್‌ಲೈಟ್ ಕೆಳಗೆ ಇರಲಿ, ಶೇವ್ ಮಾಡಿರಲಿ ಬಿಡಲಿ, ಪಟ್ಟಿ ಹೆಚ್ಚುಕಡಿಮೆ ಒಂದೇ ಬರಬೇಕು. ಗುರುತು ಹಿಡಿಯುವ ಕೆಲಸಕ್ಕೆ ಅದು ಒಳ್ಳೆಯದು. ಆದರೆ ಮನೆಯವರು ಗುರುತು ಹಿಡಿಯುವುದು ಈ ಚಿಲ್ಲರೆ ವಿಷಯಗಳಿಂದಲೇ ಅಲ್ವಾ? ತಮ್ಮನ ಕೆನ್ನೆಯಲ್ಲಿ ಮಚ್ಚೆ ಇದ್ದರೆ ಅದು ಹೊಸ ಮುಖದಲ್ಲಿ ಬರುವುದು ಅನುಮಾನ. ಚಿಕ್ಕಂದಿನಲ್ಲಿ ಬಿದ್ದು ಹುಬ್ಬಿನ ಮೇಲೆ ಆದ ಗಾಯದ ಗೆರೆಯೂ ಅಷ್ಟೇ.

ಹಲ್ಲಿನ ವಿಷಯ ಇನ್ನೂ ಮಜಾ. ನೀವು ಕೊಟ್ಟ ಫೋಟೋದಲ್ಲಿ ತಮ್ಮ ಬಾಯಿ ಮುಚ್ಚಿದ್ದಾನೆ, ಮದುವೆ ಫೋಟೋದಲ್ಲಿ ಚಿಕ್ಕಪ್ಪನ ಮಗ ಹಲ್ಲು ಬಿಟ್ಟು ನಗುತ್ತಿದ್ದಾನೆ ಅಂದುಕೊಳ್ಳಿ. ಹೊಸ ಮುಖ ನಗಲೇಬೇಕು. ತಮ್ಮನ ಹಲ್ಲನ್ನು ಆ್ಯಪ್ ನೋಡೇ ಇಲ್ಲ. ಹಾಗಾಗಿ ಸಾಲಾಗಿ ಜೋಡಿಸಿದ ಯಾರದ್ದೋ ಹಲ್ಲು ಬರುತ್ತದೆ. ತಮ್ಮನಿಗೆ ಮುಂದಿನ ಎರಡು ಹಲ್ಲಿನ ಮಧ್ಯೆ ಸಂದು ಇದ್ದರೆ ಅದು ಹೋಯಿತು. ನಗುವೂ ಅವನದ್ದಲ್ಲ. ಒಬ್ಬೊಬ್ಬರು ನಗುವಾಗ ಒಂದೊಂದು ಕಡೆ ತುಟಿ ಮೇಲೇಳುತ್ತದೆ. ಅದು ಚಿಕ್ಕಪ್ಪನ ಮಗನ ತುಟಿಯ ಓಟ.

ಇದಕ್ಕಿಂತ ದೊಡ್ಡ ವಿಷಯ ಬೇರೆ ಇದೆ. ಆ್ಯಪ್ ಬದಲಿಸುವುದು ಹುಬ್ಬಿನ ಸ್ವಲ್ಪ ಮೇಲಿನಿಂದ ಗಲ್ಲದವರೆಗಿನ ತುಂಡು ಮಾತ್ರ. ಹಣೆಯ ಅಗಲ, ಕೂದಲು ಶುರುವಾಗುವ ಗೆರೆ, ಕಿವಿ, ದವಡೆಯ ಹೊರಗಿನ ಅಂಚು, ಕತ್ತಿನ ದಪ್ಪ ಇವೆಲ್ಲ ಚಿಕ್ಕಪ್ಪನ ಮಗನದ್ದೇ. ನಿಮ್ಮ ತಮ್ಮನದು ಉದ್ದ ಮುಖ, ಅವನದು ದುಂಡು ಮುಖ ಆಗಿದ್ದರೆ, ದುಂಡು ತಲೆಯೊಳಗೆ ತಮ್ಮನ ಕಣ್ಣು ಮೂಗು ಕೂತಿರುತ್ತದೆ. ಪರಿಚಯ ಇಲ್ಲದವರಿಗೆ ಏನೂ ಗೊತ್ತಾಗುವುದಿಲ್ಲ. ಅವರಿಗೆ ಅದು ಒಬ್ಬ ಹುಡುಗ, ಅಷ್ಟೇ. ಹೆತ್ತವರು ಮಕ್ಕಳನ್ನು ಹಿಂದಿನಿಂದ ನೋಡಿಯೂ ಗುರುತು ಹಿಡಿಯುತ್ತಾರೆ. ಅವರ ಮುಂದೆ ಈ ಆಟ ನಡೆಯುವುದಿಲ್ಲ. "ಇದ್ಯಾರೇ?" ಅಂದದ್ದು ಸರಿಯಾಗಿಯೇ ಇದೆ. ಅದು ಯಾರೂ ಅಲ್ಲ, ಇಬ್ಬರ ನಡುವಿನ ಮೂರನೆಯವನು.

ಮೇಣದ ಗೊಂಬೆಯ ಕಾರಣ ಅಳತೆಯಲ್ಲಿದೆ. ನಿಮ್ಮ ಆ್ಯಪ್ ಒಳಗೆ ಮುಖ ಬರೆಯುವ ಯಾವ ಎಐ ಮಾದರಿ ಇದೆ ಅಂತ ಹೊರಗಿನಿಂದ ಹೇಳಲು ಆಗುವುದಿಲ್ಲ. ಆದರೆ ಮುಖ ಬದಲಿಸಲು ತುಂಬ ಜನ ಬಳಸಿರುವ ಒಂದು ಫೈಲಿನ ಹೆಸರು `inswapper_128.onnx`. ಆ 128 ಅನ್ನುವುದು ಚೌಕದ ಅಳತೆ. ಅಂದರೆ ಅದು ಬರೆಯುವ ಮುಖ ಅಡ್ಡಕ್ಕೆ 128 ಚುಕ್ಕಿ, ಉದ್ದಕ್ಕೆ 128 ಚುಕ್ಕಿ. ಇಲ್ಲಿ ಚುಕ್ಕಿ ಅಂದರೆ ಫೋಟೋದ ಪಿಕ್ಸೆಲ್. ಅಷ್ಟರಲ್ಲೇ ಕಣ್ಣು, ರೆಪ್ಪೆ, ಮೀಸೆ ಎಲ್ಲ ಬರಬೇಕು.

ನಿಮ್ಮ ಎರಡು ಫೋಟೋ ತೆಗೆದುಕೊಂಡು ಲೆಕ್ಕ ಹಾಕೋಣ. ಮದುವೆ ಫೋಟೋಗ್ರಾಫರ್‌ಗಳ ಕ್ಯಾಮೆರಾದಲ್ಲಿ ಫೋಟೋ ಸಾಮಾನ್ಯವಾಗಿ 6000 ಅಡ್ಡ, 4000 ಉದ್ದ ಚುಕ್ಕಿ ಇರುತ್ತದೆ. ವೇದಿಕೆ ಮೇಲೆ ಹತ್ತು ಹನ್ನೆರಡು ಜನ ಸಾಲಾಗಿ ನಿಂತ ಗ್ರೂಪ್ ಫೋಟೋದಲ್ಲಿ ಒಂದೊಂದು ಮುಖದ ಅಗಲ ಸುಮಾರು 200 ಚುಕ್ಕಿ. 128ನ್ನು 200ಕ್ಕೆ ಎಳೆದರೆ ಸ್ವಲ್ಪ ಮಂಕಾಗುತ್ತದೆ, ಅಷ್ಟೇನೂ ಎದ್ದು ಕಾಣುವುದಿಲ್ಲ. 12x18 ಇಂಚಿನ ಪುಟಕ್ಕೆ ಪ್ರಿಂಟ್ ಹಾಕಿದರೆ ಆ ಮುಖ ಮುಕ್ಕಾಲು ಇಂಚೂ ಬರುವುದಿಲ್ಲ. ನಿಮಗೆ ಗ್ರೂಪ್ ಫೋಟೋ ಪರವಾಗಿಲ್ಲ ಅನ್ನಿಸಿದ್ದು ಅದಕ್ಕೇ.

ಹತ್ತಿರದ ಫೋಟೋದಲ್ಲಿ ಮುಖದ ಅಗಲ 1200 ಚುಕ್ಕಿ ಇರಬಹುದು. 128ನ್ನು 1200ಕ್ಕೆ ಎಳೆಯಬೇಕು, ಒಂಬತ್ತು ಪಟ್ಟಿಗಿಂತ ಜಾಸ್ತಿ. ಅದೇ ಪುಟದಲ್ಲಿ ಉದ್ದಕ್ಕೆ ನಿಲ್ಲಿಸಿ ಪ್ರಿಂಟ್ ಹಾಕಿದರೆ ಮುಖ ಮೂರೂವರೆ ಇಂಚು ಬರುತ್ತದೆ. ಲ್ಯಾಬ್‌ನವರು ಒಂದು ಇಂಚಿಗೆ 300 ಚುಕ್ಕಿ ಕೇಳುತ್ತಾರೆ. ನಿಮ್ಮ ಹತ್ತಿರ ನಿಜವಾಗಿ ಇರುವುದು ಇಂಚಿಗೆ 35ರ ಆಸುಪಾಸು. ಮಿಕ್ಕಿದ್ದನ್ನು ಎಲ್ಲಿಂದ ತರುವುದು?

ಆ್ಯಪ್ ಅದನ್ನು ಊಹಿಸಿ ತರುತ್ತದೆ. ಸ್ವಾಪ್ ಆದ ಮೇಲೆ ಇನ್ನೊಂದು ಕೆಲಸ ನಡೆಯುತ್ತದೆ. ಮಂಕಾದ ಮುಖವನ್ನು ನೋಡಿ, ತಾನು ಮೊದಲು ನೋಡಿದ ಸಾವಿರಾರು ಮುಖಗಳ ನೆನಪಿನಲ್ಲಿ ರೆಪ್ಪೆ, ತುಟಿಯ ಗೆರೆ, ಕಣ್ಣಿನ ಹೊಳಪು ಬರೆಯುವ ಇನ್ನೊಂದು ಮಾದರಿ ಅದು. Enhance ಅಥವಾ HD ಅಂತ ಬಟನ್ ಇರುತ್ತದಲ್ಲ, ಅದೇ. ಕಳೆದುಹೋದದ್ದನ್ನು ಅದು ಹುಡುಕಿ ತರುವುದಿಲ್ಲ. ಇರಬಹುದು ಅನ್ನಿಸಿದ್ದನ್ನು ಬರೆಯುತ್ತದೆ. ಚರ್ಮದ ರಂಧ್ರ, ಬಿಸಿಲಿಗೆ ಕಂದಿದ ಕಲೆ, ನಾಲ್ಕು ದಿನದ ಗಡ್ಡದ ಚುಚ್ಚು ಇವೆಲ್ಲ ಒರೆಸಿ ಹೋಗುತ್ತವೆ. ಪಕ್ಕದಲ್ಲಿ ನಿಂತವರ ಮುಖದಲ್ಲಿ ಬೆವರು ಹೊಳೆಯುತ್ತಿದ್ದರೆ ತಮ್ಮ ಮಾತ್ರ ಈಗಷ್ಟೇ ಪಾಲಿಶ್ ಹಾಕಿಸಿಕೊಂಡು ಬಂದವನ ಹಾಗೆ ಇರುತ್ತಾನೆ. ಎಷ್ಟು ಸಲ Enhance ಒತ್ತುತ್ತೀರೋ ಅಷ್ಟು ಅವನು ತಮ್ಮನಿಂದ ದೂರ ಹೋಗುತ್ತಾನೆ.

ಹಾಗಾಗಿ ಪ್ರೋ ತಗೊಂಡರೆ ಸಿಗುವುದು ಮೂಲೆಯಲ್ಲಿ ಆ್ಯಪ್ ಹೆಸರಿನ ಗುರುತು ಇಲ್ಲದ ಫೋಟೋ, ದೊಡ್ಡ ಅಳತೆಯ ಫೈಲ್, ಜಾಹೀರಾತಿಲ್ಲದೆ ಬೇಗ ಕೆಲಸ. ಕೆಲವು ಆ್ಯಪ್‌ಗಳು ದೊಡ್ಡ ಚೌಕದ ಮಾದರಿ ಕೊಡಬಹುದು, ಆಗ ಮಂಕು ಕಡಿಮೆ ಆಗುತ್ತದೆ. ಆದರೆ ತಲೆಯ ಆಕಾರ, ಹಲ್ಲು, ಮಚ್ಚೆಯ ಕಥೆ ದುಡ್ಡಿನಿಂದ ಬದಲಾಗುವುದಿಲ್ಲ.

ಕನ್ನಡಕ ಯಾಕೆ ಮುರಿಯಿತು ಅನ್ನುವುದು ಈಗ ನಿಮಗೇ ಹೊಳೆದಿರಬೇಕು. ಚಿಕ್ಕಪ್ಪನ ಮಗ ಕನ್ನಡಕ ಹಾಕಿದ್ದಾನೆ. ಕನ್ನಡಕದ ಗಾಜು ಬದಲಿಸುವ ತುಂಡಿನ ಒಳಗೆ ಬರುತ್ತದೆ, ಕಿವಿ ಕಡೆ ಹೋಗುವ ಕಡ್ಡಿ ಹೊರಗೆ ಉಳಿಯುತ್ತದೆ. ಒಳಗಿನದನ್ನು ಆ್ಯಪ್ ಹೊಸದಾಗಿ ಬರೆಯಿತು, ಹೊರಗಿನದು ಹಳೆಯದು. ಎರಡೂ ಸೇರುವ ಜಾಗದಲ್ಲಿ ಕಡ್ಡಿ ಕರಗಿತು. ಹಣೆಯ ಕುಂಕುಮ, ವಿಭೂತಿಗೂ ಇದೇ ಗತಿ. ವಿಭೂತಿಯ ಮೂರು ಪಟ್ಟೆಯಲ್ಲಿ ಕೆಳಗಿನದು ಅರ್ಧ ಅಳಿಸಿ ಮೇಲಿನ ಎರಡು ಹಾಗೇ ಉಳಿದದ್ದನ್ನು ನಾನು ನೋಡಿದ್ದೇನೆ. ಮೈಸೂರು ಪೇಟ ಹುಬ್ಬಿನವರೆಗೆ ಇಳಿದಿದ್ದರೆ ಅದರ ಜರಿಯ ಅಂಚು ಚರ್ಮದೊಳಗೆ ಬೆರೆತುಬಿಡುತ್ತದೆ. ಮುಖಕ್ಕೆ ಅಡ್ಡ ಬಂದ ಮೈಕು, ಅಕ್ಷತೆ ಹಾಕುವ ಕೈ, ಹೂವಿನ ಹಾರ ಎಲ್ಲದಕ್ಕೂ ಇದೇ ತೊಂದರೆ.

ಇನ್ನು ಏನು ಮಾಡಬಹುದು ನೋಡೋಣ. ಹತ್ತಿರದ ಫೋಟೋವನ್ನು ಬಿಟ್ಟುಬಿಡಿ. ಅದರ ಮೇಲೆ ಎಷ್ಟು ಹೊತ್ತು ಕೂತರೂ ಆಲ್ಬಂಗೆ ಬರುವ ಹಾಗೆ ಆಗುವುದಿಲ್ಲ. ಗ್ರೂಪ್ ಫೋಟೋವನ್ನು ಮಾತ್ರ ಇಟ್ಟುಕೊಂಡು ಮತ್ತೆ ಮೊದಲಿನಿಂದ ಮಾಡಿ.

ಫೋಟೋಗ್ರಾಫರ್ ಹತ್ತಿರ ಮೂಲ ಫೈಲ್ ಕೇಳಿ. ವಾಟ್ಸಾಪ್‌ನಲ್ಲಿ ಬಂದದ್ದು ಬೇಡ. ಸಾಮಾನ್ಯ ಗುಣಮಟ್ಟದಲ್ಲಿ ಕಳಿಸಿದರೆ ವಾಟ್ಸಾಪ್ ಫೋಟೋದ ಉದ್ದದ ಬದಿಯನ್ನು ಸುಮಾರು 1600ಕ್ಕೆ ಇಳಿಸುತ್ತದೆ. 200 ಇದ್ದ ಮುಖ ಆಗ 53 ಚುಕ್ಕಿಗೆ ಬಂದು ನಿಲ್ಲುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿದರೆ ಇದ್ದ ಹಾಗೇ ಬರುತ್ತದೆ. ಇನ್ನೊಂದು ವಿಷಯ. ಗ್ರೂಪ್ ಫೋಟೋವನ್ನು ಫೋಟೋಗ್ರಾಫರ್‌ಗಳು ಒಂದೇ ಕ್ಲಿಕ್‌ಗೆ ಬಿಡುವುದಿಲ್ಲ, ಮೂರು ನಾಲ್ಕು ಹೊಡೆದಿರುತ್ತಾರೆ. ಎಲ್ಲವನ್ನೂ ಕೇಳಿ ತರಿಸಿಕೊಳ್ಳಿ. ಒಂದರಲ್ಲಿ ನೇರ ನೋಡುತ್ತಿರುವ, ಬಾಯಿ ಮುಚ್ಚಿ ನಸುನಗುತ್ತಿರುವ ಕ್ಲಿಕ್ ಸಿಗಬಹುದು. ಅದೇ ನಿಮಗೆ ಬೇಕಾದದ್ದು.

ಯಾರ ಮೈ ಮೇಲೆ ಕೂರಿಸುತ್ತೀರಿ ಅನ್ನುವುದನ್ನೂ ಮತ್ತೆ ಯೋಚಿಸಿ. ಎತ್ತರ ಒಂದೇ ಅಂತ ಚಿಕ್ಕಪ್ಪನ ಮಗನನ್ನು ಆರಿಸಿರಬಹುದು. ನೋಡಬೇಕಾದದ್ದು ತಲೆಯ ಆಕಾರ, ಕೂದಲ ಗೆರೆ, ಮೈಬಣ್ಣ. ಆ್ಯಪ್ ಮುಖದ ಬಣ್ಣವನ್ನು ಮೂಲ ಫೋಟೋಗೆ ಹೊಂದಿಸುತ್ತದೆ. ಕತ್ತು, ಕೈ ಹಳೆಯದೇ ಆದ್ದರಿಂದ ತಮ್ಮ ಅವನಿಗಿಂತ ಕಪ್ಪೋ ಬಿಳುಪೋ ಇದ್ದರೆ ಅಲ್ಲಿಗೇ ಅರ್ಧ ಹೋಲಿಕೆ ಹೋಯಿತು. ಕನ್ನಡಕ ಇಲ್ಲದವರು ಸಿಕ್ಕರೆ ಒಳ್ಳೆಯದು.

ತಮ್ಮನ ಫೋಟೋ ಹಳೆಯದು ಬೇಡ, ಹೊಸದು ತರಿಸಿಕೊಳ್ಳಿ. ಬ್ಯೂಟಿ ಫಿಲ್ಟರ್ ಆಫ್ ಆಗಿರಲಿ. ಕೈ ಚಾಚಿ ತೆಗೆದ ಸೆಲ್ಫಿಯೂ ಬೇಡ. ಅಷ್ಟು ಹತ್ತಿರದಿಂದ ಮೂಗು ದೊಡ್ಡದಾಗಿ, ಕಿವಿ ಹಿಂದೆ ಸರಿದಂತೆ ಕಾಣುತ್ತದೆ. ಇನ್ನೊಬ್ಬರ ಕೈಯಲ್ಲಿ ಹಿಂದಿನ ಕ್ಯಾಮೆರಾದಿಂದ, ಒಂದೂವರೆ ಎರಡು ಮೀಟರ್ ದೂರ ನಿಂತು ತೆಗೆಸಿಕೊಳ್ಳಲಿ.

ಈಗ ಟ್ಯಾಪ್ ಮಾಡುವ ಮೊದಲಿನ ಕೆಲಸ. ಇಡೀ ಗ್ರೂಪ್ ಫೋಟೋವನ್ನು ಆ್ಯಪ್‌ಗೆ ಕೊಡಬೇಡಿ. ಚಿಕ್ಕಪ್ಪನ ಮಗನ ತಲೆ, ಭುಜ ಮಾತ್ರ ಬರುವ ಹಾಗೆ ಚೌಕವಾಗಿ ಕತ್ತರಿಸಿಕೊಳ್ಳಿ. ಸುಮಾರು 800 ಚುಕ್ಕಿಯ ಚೌಕ ಸಾಕು. ಕಾಲರ್ ಮತ್ತು ಎರಡೂ ಕಿವಿ ಅದರಲ್ಲಿ ಇರಲಿ. ಇದರಿಂದ ಎರಡು ಲಾಭ. ಅನೇಕ ಆ್ಯಪ್‌ಗಳು ದೊಡ್ಡ ಫೋಟೋ ಕೊಟ್ಟರೆ ಮೊದಲು ಕುಗ್ಗಿಸಿಯೇ ಕೆಲಸ ಶುರು ಮಾಡುತ್ತವೆ. ಚಿಕ್ಕ ತುಂಡು ಕೊಟ್ಟರೆ ಕುಗ್ಗಿಸುವ ಪ್ರಸಂಗವೇ ಬರುವುದಿಲ್ಲ. ನಿಮ್ಮದು ಕುಗ್ಗಿಸುತ್ತದಾ ಅಂತ ನೋಡಲು, ಹೊರಗೆ ಬಂದ ಫೋಟೋವನ್ನು ಗೂಗಲ್ ಫೋಟೋಸ್‌ನಲ್ಲಿ ತೆರೆದು ಮೇಲಕ್ಕೆ ಸರಿಸಿ. ಕೆಳಗೆ ಅಳತೆ ಬರೆದಿರುತ್ತದೆ. ಒಳಗೆ ಹೋದ ಅಳತೆಯೇ ಹೊರಗೆ ಬಂದಿದೆಯಾ ನೋಡಿ.

ಎರಡನೆಯ ಲಾಭ, ಉಳಿದ ಹನ್ನೊಂದು ಜನರ ಮುಖ ಯಾರದ್ದೋ ಸರ್ವರ್‌ಗೆ ಹೋಗುವುದಿಲ್ಲ. ನಿಮ್ಮ ಆ್ಯಪ್ ಫೋಟೋವನ್ನು ಹೊರಗೆ ಕಳಿಸುತ್ತದಾ ಅಂತ ತಿಳಿಯಲು ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ, ವೈಫೈಯೂ ಆಫ್ ಆಗಿದೆಯಾ ನೋಡಿಕೊಂಡು ಸ್ವಾಪ್ ಮಾಡಿ ನೋಡಿ. ಕೆಲಸ ನಿಂತರೆ ಫೋಟೋ ಹೊರಗೆ ಹೋಗುತ್ತಿದೆ ಅಂತ ಇಟ್ಟುಕೊಳ್ಳಿ. ಅಂದ ಹಾಗೆ ತಮ್ಮನಿಗೂ ಚಿಕ್ಕಪ್ಪನ ಮಗನಿಗೂ ಒಂದು ಮಾತು ಕೇಳಿದಿರಿ ತಾನೇ? ಮುಖ ಒಬ್ಬನದು, ಮೈ ಇನ್ನೊಬ್ಬನದು.

ಚೌಕವನ್ನು ಕೊಟ್ಟು ಸ್ವಾಪ್ ಮಾಡಿ. Enhance ಆಯ್ಕೆ ಇದ್ದರೆ ಮೊದಲು ಅದಿಲ್ಲದೆ ಒಂದು ತೆಗೆದುಕೊಳ್ಳಿ. ಗ್ರೂಪ್ ಫೋಟೋದ ಚಿಕ್ಕ ಮುಖಕ್ಕೆ ಅದೇ ಸಾಕಾಗುತ್ತದೆ.

ಬಂದ ಚೌಕವನ್ನು ಮತ್ತೆ ದೊಡ್ಡ ಫೋಟೋದಲ್ಲಿ ಕೂರಿಸಬೇಕು. ಇದನ್ನು ಫೋಟೋ ತಿದ್ದುವ ಸ್ನ್ಯಾಪ್‌ಸೀಡ್ ಆ್ಯಪ್‌ನಲ್ಲೇ ಮಾಡಬಹುದು. ಪದರ ಇರುವ ಬೇರೆ ಆ್ಯಪ್ ರೂಢಿ ಇದ್ದರೆ ಅದೂ ಆಗುತ್ತದೆ. ಸ್ನ್ಯಾಪ್‌ಸೀಡ್‌ನಲ್ಲಿ ಮೂಲ ಗ್ರೂಪ್ ಫೋಟೋ ತೆರೆದು, Tools ಒಳಗೆ Double Exposure ಒತ್ತಿ, ಸ್ವಾಪ್ ಆದ ಚೌಕವನ್ನು ಸೇರಿಸಿ. ಅದು ಅರ್ಧ ಪಾರದರ್ಶಕವಾಗಿ ಮೇಲೆ ಬರುತ್ತದೆ. ಎರಡು ಬೆರಳಿನಿಂದ ಚಿಕ್ಕದು ಮಾಡಿ ಚಿಕ್ಕಪ್ಪನ ಮಗನ ತಲೆಯ ಮೇಲೆ ತನ್ನಿ. ಹೊಂದಿಸುವಾಗ ಕಣ್ಣು ಮೂಗು ನೋಡಬೇಡಿ, ಅವು ಬದಲಾಗಿವೆ. ಕಾಲರ್‌ನ ಗುಂಡಿ, ಕಿವಿಯ ಅಂಚು ನೋಡಿ. ಅವು ಎರಡರಲ್ಲೂ ಒಂದೇ. ಅವು ಜೋಡಿ ಜೋಡಿಯಾಗಿ ಕಾಣುವುದು ನಿಂತಾಗ ಸರಿ ಕೂತಿದೆ ಅಂತ ಅರ್ಥ. ಇದಕ್ಕೆ ಸ್ವಲ್ಪ ತಾಳ್ಮೆ ಬೇಕು. ನನಗೇ ಒಮ್ಮೊಮ್ಮೆ ಹತ್ತು ನಿಮಿಷ ಹಿಡಿಯುತ್ತದೆ. ಕೂತ ಮೇಲೆ ಪಾರದರ್ಶಕತೆಯ ಪಟ್ಟಿಯನ್ನು ಪೂರ್ತಿ ಎಳೆದು ಟಿಕ್ ಒತ್ತಿ.

ಈಗ ಗ್ರೂಪ್ ಫೋಟೋದ ಬೇರೆ ಭಾಗ ಹಾಳಾದ ಹಾಗೆ ಕಾಣಬಹುದು, ಗಾಬರಿ ಬೇಡ. View edits ಒಳಗೆ ಹೋಗಿ Double Exposure ಮೇಲೆ ಒತ್ತಿದರೆ ಬ್ರಷ್ ಚಿಹ್ನೆ ಸಿಗುತ್ತದೆ. ಅದನ್ನು ಒತ್ತಿದ ಕೂಡಲೇ ಹಳೆಯ ಫೋಟೋ ವಾಪಸ್ ಬರುತ್ತದೆ. 100ರಲ್ಲಿ ಇಟ್ಟು ಎಲ್ಲಿ ಬೆರಳಾಡಿಸುತ್ತೀರೋ ಅಲ್ಲಿ ಮಾತ್ರ ಹೊಸ ಮುಖ ಮೂಡುತ್ತದೆ. ಜಾಸ್ತಿ ಆದರೆ 0ಗೆ ಇಳಿಸಿ ಒರೆಸಿ. ಫೋಟೋವನ್ನು ಹಿಗ್ಗಿಸಿದಷ್ಟೂ ಬ್ರಷ್ ಸಣ್ಣದಾಗುತ್ತದೆ.

ಒಂದೇ ಟ್ಯಾಪ್‌ನಲ್ಲಿ ಸಿಗದ್ದು ಸಿಗುವುದು ಇಲ್ಲಿ. ಏನು ಬರಬೇಕು, ಏನು ಬರಬಾರದು ಅಂತ ಈಗ ನೀವು ತೀರ್ಮಾನ ಮಾಡುತ್ತೀರಿ. ಕಣ್ಣು, ಮೂಗು, ಬಾಯಿ, ಕೆನ್ನೆಯ ಮೇಲೆ ಬ್ರಷ್ ಆಡಿಸಿ. ಕನ್ನಡಕದ ಕಡ್ಡಿಯ ಹತ್ತಿರ ನಿಲ್ಲಿಸಿ, ಹಳೆಯ ಕಡ್ಡಿ ಹಾಗೇ ಉಳಿಯುತ್ತದೆ. ಹಣೆಯ ಕುಂಕುಮವನ್ನು ಮುಟ್ಟಬೇಡಿ. ದವಡೆಯ ಅಂಚಿನಲ್ಲಿ ಆ್ಯಪ್ ಬೆರೆಸಿದ ಮಂಕು ಗೆರೆ ಇದ್ದರೆ ಅದನ್ನು ಒರೆಸಿ ಮೂಲ ಅಂಚು ತನ್ನಿ. ಹೀಗೆ ಮಾಡಿದಾಗ ಆ್ಯಪ್ ಹಾಕಿದ ಮೂಲೆಯ ಗುರುತೂ ಹೊರಗೇ ಉಳಿಯುತ್ತದೆ. ಆದ್ದರಿಂದ ಫೋಟೋವನ್ನು ಮನೆಯಾಚೆ ಹಂಚುವುದಾದರೆ "ತಮ್ಮನನ್ನು ಆಮೇಲೆ ಸೇರಿಸಿದ್ದು" ಅಂತ ಒಂದು ಸಾಲು ನೀವೇ ಬರೆಯಿರಿ.

ಕೊನೆಯದಾಗಿ ಫೋಟೋದ ಒರಟು. ಮದುವೆ ಮಂಟಪದ ಬೆಳಕಿನಲ್ಲಿ ತೆಗೆದ ಫೋಟೋದಲ್ಲಿ ಸಣ್ಣ ಸಣ್ಣ ಮರಳಿನಂಥ ಕಣ ಇರುತ್ತದೆ. ಅಂಗಿಯಲ್ಲಿ ಆ ಕಣ ಇದೆ, ಹೊಸ ಮುಖದಲ್ಲಿ ಇಲ್ಲ. ಏನೋ ಸರಿ ಇಲ್ಲ ಅನ್ನಿಸುವುದಕ್ಕೆ ಅರ್ಧ ಕಾರಣ ಇದೇ. ಸ್ನ್ಯಾಪ್‌ಸೀಡ್‌ನ Grainy Film ತೆಗೆದು, ಕಣವನ್ನು ತುಂಬ ಕಡಿಮೆ ಇಟ್ಟು, ಮತ್ತೆ ಅದೇ ಬ್ರಷ್ ದಾರಿಯಲ್ಲಿ ಮುಖಕ್ಕೆ ಮಾತ್ರ ಹಾಕಿ. ಇದು ಬಣ್ಣವನ್ನೂ ಸ್ವಲ್ಪ ಬದಲಿಸುತ್ತದೆ, ಆ ಬಣ್ಣದ ಪ್ರಮಾಣವನ್ನು ಸೊನ್ನೆಗೆ ಇಳಿಸಿಕೊಳ್ಳಿ. ಮುಖ ಪಕ್ಕದ ಮುಖಗಳಷ್ಟೇ ಒರಟಾದರೆ ಸಾಕು.

ಸರಿಯಾಗಿದೆಯಾ ಅಂತ ನೋಡಲು ಫೋನ್ ಪರದೆ ನಂಬಬೇಡಿ. ಪರದೆಯಲ್ಲಿ ಇಡೀ ಗ್ರೂಪ್ ಕಾಣುವಾಗ ಮುಖ ಕಡಲೆಬೀಜದಷ್ಟು ಇರುತ್ತದೆ, ಎಲ್ಲವೂ ಚೆನ್ನಾಗೇ ಕಾಣುತ್ತದೆ. ಫೋಟೋವನ್ನು ಕನ್ನಡಿಯ ಹಾಗೆ ಎಡ ಬಲ ತಿರುಗಿಸಿ ಒಮ್ಮೆ ನೋಡಿ. ಕಣ್ಣು ರೂಢಿ ತಪ್ಪಿದಾಗ ಓರೆ ಕೂತ ಮೂಗು, ಬೇರೆ ಬೇರೆ ಕಡೆ ನೋಡುವ ಕಣ್ಣುಗುಡ್ಡೆ ಥಟ್ಟನೆ ಕಾಣುತ್ತವೆ. ಆಮೇಲೆ ಆಲ್ಬಂನಲ್ಲಿ ಬರುವ ಅಳತೆಯಲ್ಲೇ ಆ ಭಾಗವನ್ನು ಮಾತ್ರ ಒಂದು 4x6 ಪ್ರಿಂಟ್ ಹಾಕಿಸಿ. ಆಲ್ಬಂನ ಖರ್ಚಿನ ಮುಂದೆ ಅದು ಏನೂ ಅಲ್ಲ. ಪ್ರಿಂಟನ್ನು ಅಮ್ಮನ ಕೈಗೆ ಕೊಟ್ಟು ಸುಮ್ನೆ ಇರಿ. ಏನೂ ಹೇಳಬೇಡಿ.

ವಿಡಿಯೋಗೂ ಮಾಡಬಹುದಾ ಅಂತ ಮುಂದೆ ಕೇಳುತ್ತೀರಿ ಅಂತ ಗೊತ್ತು. ಬೇಡ ಅನ್ನುತ್ತೇನೆ. ಫೋಟೋದಲ್ಲಿ ಒಂದು ಮುಖ ಸರಿ ಮಾಡಿದರೆ ಆಯಿತು, ವಿಡಿಯೋದಲ್ಲಿ ಒಂದು ಸೆಕೆಂಡಿಗೆ 25 ಮುಖ. ತಲೆ ಪೂರ್ತಿ ಪಕ್ಕಕ್ಕೆ ತಿರುಗಿದಾಗ, ಕೈ ಅಡ್ಡ ಬಂದಾಗ ಐದು ಚುಕ್ಕಿಗಳ ಹಿಡಿತ ತಪ್ಪಿ ಹಳೆಯ ಮುಖ ಮಿಂಚಿ ಹೋಗುತ್ತದೆ. 2023ರ ನವೆಂಬರ್‌ನಲ್ಲಿ ನಟಿ ರಶ್ಮಿಕಾ ಮಂದಣ್ಣ ಅವರ ಹೆಸರಲ್ಲಿ ಹರಿದಾಡಿದ ಲಿಫ್ಟ್ ವಿಡಿಯೋದಲ್ಲೂ ಹೀಗೇ ಹಳೆಯ ಮುಖ ಕಂಡಿತ್ತು. ಒಳಗೆ ಕಾಲಿಡುವ ಮೊದಲ ಕ್ಷಣದಲ್ಲಿ ಬೇರೆಯವರ ಮುಖ ಕಾಣಿಸಿ, ಆಮೇಲೆ ಬದಲಾಗುತ್ತಿತ್ತು. ಅವರನ್ನು ಕೇಳದೆ ಮಾಡಿದ ಕೆಟ್ಟ ಕೆಲಸ ಅದು.

ಇಷ್ಟೆಲ್ಲ ಮಾಡಿದರೂ ಒಂದು ತೊಂದರೆ ಉಳಿಯುತ್ತದೆ, ಅದು ಫೋಟೋದ್ದಲ್ಲ. ತಮ್ಮ ಬಂದ, ಚಿಕ್ಕಪ್ಪನ ಮಗ ಹೋದ. ನಾಳೆ ಚಿಕ್ಕಪ್ಪ ಆಲ್ಬಂ ತಿರುವಿ ಹಾಕುವಾಗ ಆ ಗ್ರೂಪ್ ಫೋಟೋದಲ್ಲಿ ತಮ್ಮ ಮಗನನ್ನು ಹುಡುಕುತ್ತಾರೆ. ಮದುವೆಗೆ ಬಂದು ಬಡಿಸಿ ಓಡಾಡಿದವನು ಅವನು!

ಅದಕ್ಕೇ ನಾನಾಗಿದ್ದರೆ ಫೇಸ್ ಸ್ವಾಪ್ ಬಿಟ್ಟು ಹಳೆಯ ದಾರಿ ಹಿಡಿಯುತ್ತಿದ್ದೆ. ತಮ್ಮನ ನಿಜವಾದ ಫೋಟೋವನ್ನೇ ತಲೆ, ಕೂದಲು, ಭುಜ ಸಮೇತ ಕತ್ತರಿಸಿ, ಸಾಲಿನ ತುದಿಯಲ್ಲಿ ಅಥವಾ ಹಿಂದಿನ ಸಾಲಿನಲ್ಲಿ ಇಬ್ಬರ ನಡುವಿನ ಸಂದಿನಲ್ಲಿ ನಿಲ್ಲಿಸುವುದು. ಮಚ್ಚೆ, ಹಲ್ಲು, ತಲೆಯ ಆಕಾರ ಎಲ್ಲ ಅವನದ್ದೇ. ಯಾರನ್ನೂ ಅಳಿಸಬೇಕಾಗಿಲ್ಲ. ಈ ಕೆಲಸದಲ್ಲಿ ಕಷ್ಟವಿರುವುದು ಬೆಳಕು ಹೊಂದಿಸುವುದರಲ್ಲಿ ಮಾತ್ರ, ಅದನ್ನು ತಮ್ಮನೇ ಡಬ್ಲಿನ್‌ನಲ್ಲಿ ನಿಂತು ಸರಿ ಮಾಡಿ ಕೊಡಬಹುದು.

ಅವನಿಗೆ ಗ್ರೂಪ್ ಫೋಟೋ ಕಳಿಸಿ ಮೂಗಿನ ನೆರಳು ಯಾವ ಕಡೆ ಬಿದ್ದಿದೆ ನೋಡಲು ಹೇಳಿ. ವೇದಿಕೆಯ ಫೋಟೋಗಳಲ್ಲಿ ಸಾಮಾನ್ಯವಾಗಿ ಬೆಳಕು ಮುಂದಿನಿಂದ, ತಲೆಗಿಂತ ಸ್ವಲ್ಪ ಮೇಲಿನಿಂದ ಬರುತ್ತದೆ. ಅವನೂ ದೊಡ್ಡ ಕಿಟಕಿಗೆ ಎದುರಾಗಿ ನಿಲ್ಲಲಿ, ಕಿಟಕಿ ಬೆನ್ನಿಗೆ ಬೇಡ. ಹಿಂದೆ ಖಾಲಿ ಗೋಡೆ ಇದ್ದರೆ ಕತ್ತರಿಸಲು ಸುಲಭ. ಫೋನು ಅವನ ಎದೆಯ ಎತ್ತರದಲ್ಲಿ ಇರಲಿ, ಫೋಟೋಗ್ರಾಫರ್ ವೇದಿಕೆಯ ಕೆಳಗೆ ನಿಂತು ತೆಗೆದಿದ್ದರೆ ಇನ್ನೂ ಸ್ವಲ್ಪ ಕೆಳಗೆ. ತೆಗೆಯುವವರು ಮೂರು ಮೀಟರ್ ದೂರ ನಿಂತು 2x ಜೂಮ್ ಹಾಕಲಿ. ಜುಬ್ಬಾ ಇದ್ದರೆ ಹಾಕಿಕೊಳ್ಳಲಿ, ಹಣೆಗೆ ಕುಂಕುಮ ಇಟ್ಟುಕೊಳ್ಳಲಿ. ಒಂದು ನಗುತ್ತಾ, ಒಂದು ಬಾಯಿ ಮುಚ್ಚಿ, ಒಂದು ಸ್ವಲ್ಪ ಎಡಕ್ಕೆ ತಿರುಗಿ, ಒಂದು ಬಲಕ್ಕೆ ತಿರುಗಿ, ಹೀಗೆ ನಾಲ್ಕೈದು ತೆಗೆಸಿ ಡಾಕ್ಯುಮೆಂಟ್ ಆಗಿ ಕಳಿಸಲಿ. ನಿಮ್ಮ ಆಲ್ಬಂ ಮಾಡುವವರ ಕೈಗೆ ಮೂಲ ಗ್ರೂಪ್ ಫೋಟೋ ಜೊತೆ ಅದನ್ನು ಕೊಡಿ. ಅವರಿಗೆ ಅದು ಅರ್ಧ ಗಂಟೆಯ ಕೆಲಸ.